ಸುಣ್ಣದಲ್ಲೂ ಕ್ಯಾಲ್ಸಿಯಂ, ಜಿಪ್ಸಮ್‌ನಲ್ಲೂ ಕ್ಯಾಲ್ಸಿಯಂ

ಪ್ರಶ್ನೆ: "ತೀರ್ಥಹಳ್ಳಿ ಕಡೆ ಇರೋ ನಮ್ಮ ಅಡಿಕೆ ತೋಟಕ್ಕೆ ಸುಣ್ಣ ಹಾಕಿ ಅಂದ್ರು. ಸಿಂಧನೂರಿನ ಭಾವನ ಗದ್ದೆಗೆ ಜಿಪ್ಸಮ್ ಹಾಕಿ ಅಂದ್ರು. ಎರಡರಲ್ಲೂ ಇರೋದು ಕ್ಯಾಲ್ಸಿಯಂ ತಾನೆ? ವರದಿಯಲ್ಲಿ ಸಿಇಸಿ ಅಂತ ಬೇರೆ ಇದೆ, ಅದೇನು?"

ಹೌದು, ಕ್ಯಾಲ್ಸಿಯಂ ಒಂದೇ. ಆದರೆ ಅದರ ಜೊತೆಗೆ ಬರುವ ಭಾಗ ಬೇರೆ. ಸುಣ್ಣದಲ್ಲಿ ಕಾರ್ಬೊನೇಟ್ ಬರುತ್ತೆ, ಜಿಪ್ಸಮ್‌ನಲ್ಲಿ ಸಲ್ಫೇಟ್ ಬರುತ್ತೆ. ಎಲ್ಲ ವ್ಯತ್ಯಾಸ ಇರುವುದು ಅಲ್ಲೇ.

ಮೊದಲು ಸಿಇಸಿ ನೋಡೋಣ. ಜೇಡಿಯ ಕಣಗಳ ಮೇಲೆ, ಕೊಳೆತ ಸೊಪ್ಪುಸದೆಯ ಮೇಲೆ ಋಣ ವಿದ್ಯುತ್ ಇರುತ್ತೆ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂಗಳಂಥ ಧನ ಅಯಾನುಗಳನ್ನು ಹಿಡಿದುಕೊಂಡಿರುತ್ತೆ. ಹಿಡಿದದ್ದನ್ನು ಬಿಟ್ಟು ಬೇರೆಯದನ್ನು ಹಿಡಿಯಲೂ ಬಲ್ಲದು. ಹೀಗೆ ಹಿಡಿಯಲು ಒಟ್ಟು ಎಷ್ಟು ಜಾಗ ಇದೆ ಅನ್ನೋದೇ ಸಿಇಸಿ. ಮಲೆನಾಡಿನ ಕೆಂಪು, ಜಂಬಿಟ್ಟಿಗೆ ಮಣ್ಣಿನಲ್ಲಿ ಇದು ಎಷ್ಟೋ ಕಡೆ ನೂರು ಗ್ರಾಂ ಮಣ್ಣಿಗೆ ಹತ್ತು ಮಿಲಿ ಈಕ್ವಿವಲೆಂಟ್‌ನ ಆಸುಪಾಸು. ಸಿಂಧನೂರಿನ ಎರೆ ಮಣ್ಣಿನಲ್ಲಿ 40, 50 ಬರುವುದು ಸಾಮಾನ್ಯ.

ನಿಮ್ಮ ತೋಟದಲ್ಲಿ ಜೋರು ಮಳೆ ವರ್ಷ ವರ್ಷ ಕ್ಯಾಲ್ಸಿಯಂ ತೊಳೆದುಕೊಂಡು ಹೋಗಿದೆ. ಆ ಜಾಗಗಳಲ್ಲಿ ಹೈಡ್ರೋಜನ್, ಅಲ್ಯೂಮಿನಿಯಂ ಬಂದು ಕೂತಿವೆ. ಪಿಎಚ್ 5.5ಕ್ಕಿಂತ ಕೆಳಗೆ ಇಳಿದಂತೆ ಅಲ್ಯೂಮಿನಿಯಂ ಕರಗಿ ಬೇರಿಗೆ ವಿಷವಾಗುತ್ತೆ. ಬೇರಿನ ತುದಿ ಮೊಂಡಾಗಿ, ದಪ್ಪಗಾಗುತ್ತೆ. ಸುಣ್ಣ ಹಾಕಿದರೆ ಕ್ಯಾಲ್ಸಿಯಂ ಇವನ್ನು ಎಬ್ಬಿಸಿ ತಾನು ಕೂರುತ್ತೆ. ಎದ್ದು ಬಂದ ಹುಳಿಯನ್ನು ಕಾರ್ಬೊನೇಟ್ ಮುಗಿಸುತ್ತೆ: ನೀರಾಗುತ್ತೆ, ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತೆ. ಅಲ್ಯೂಮಿನಿಯಂ ಕರಗದ ರೂಪಕ್ಕೆ ಬಂದು ತೆಪ್ಪಗಿರುತ್ತೆ. ಅದೇ ತೋಟಕ್ಕೆ ಜಿಪ್ಸಮ್ ಹಾಕಿದರೆ? ಕ್ಯಾಲ್ಸಿಯಂ ಸಿಗುತ್ತೆ, ಆದರೆ ಸಲ್ಫೇಟ್‌ಗೆ ಹುಳಿಯನ್ನು ಮುಗಿಸುವ ಶಕ್ತಿ ಇಲ್ಲ. ಹಾಗಾಗಿ ಪಿಎಚ್ ಏರುವುದಿಲ್ಲ.

ಭಾವನ ಗದ್ದೆಯ ಕಥೆ ಬೇರೆ. ಅಲ್ಲಿ ಜಾಗ ಹಿಡಿದಿರುವುದು ಸೋಡಿಯಂ. ಅದಕ್ಕಿರುವುದು ಒಂದೇ ವಿದ್ಯುತ್ ಅಂಶ. ಮೈತುಂಬ ನೀರು ಹೊದ್ದುಕೊಂಡು ಜೇಡಿಗೆ ಸಡಿಲವಾಗಿ ಅಂಟಿರುತ್ತೆ. ಅದಕ್ಕೇ ಜೇಡಿ ಕಣಗಳು ಒಂದಕ್ಕೊಂದು ಕೂಡುವುದಿಲ್ಲ, ಬಿಡಿಬಿಡಿಯಾಗಿ ತೇಲಿ ರಂಧ್ರಗಳನ್ನು ಮುಚ್ಚುತ್ತವೆ. ನೀವೇ ನೋಡಬಹುದು. ಒಣ ಹೆಂಟೆಯೊಂದನ್ನು ಗಾಜಿನ ಲೋಟದ ಮಳೆನೀರಿಗೆ ಅಲ್ಲಾಡಿಸದೆ ಬಿಡಿ. ಚೌಳು ಮಣ್ಣಾದರೆ ಸುತ್ತ ಹಾಲಿನಂಥ ಮಬ್ಬು ಹರಡಿ, ಮರುದಿನವೂ ತಿಳಿಯಾಗುವುದಿಲ್ಲ. ಆ ನೀರಿಗೆ ಒಂದು ಚಿಟಿಕೆ ಜಿಪ್ಸಮ್ ಹಾಕಿ ಕಲಕಿ ಇಡಿ. ಮಬ್ಬು ಮುದ್ದೆಯಾಗಿ ತಳಕ್ಕೆ ಇಳಿಯುತ್ತೆ. ನಾನು ಮೊದಲ ಸಲ ನೋಡಿದಾಗ ಅರ್ಧ ಗಂಟೆ ಲೋಟದ ಮುಂದೆಯೇ ಕೂತಿದ್ದೆ.

ಅಲ್ಲಿಗೆ ಸುಣ್ಣ ಯಾಕೆ ಬೇಡ? ಎರೆ ಮಣ್ಣಿನಲ್ಲಿ ಸುಣ್ಣದ ಹರಳು ಆಗಲೇ ಬೇಕಾದಷ್ಟು ಇರುತ್ತೆ. ಆದರೆ ಪಿಎಚ್ 8.5 ದಾಟಿದ ಮಣ್ಣಿನಲ್ಲಿ ಅದು ಕರಗುವುದೇ ಇಲ್ಲ ಅನ್ನಬೇಕು. ಜಿಪ್ಸಮ್ ಲೀಟರ್ ನೀರಿಗೆ ಎರಡು ಗ್ರಾಂಗೂ ಜಾಸ್ತಿ ಕರಗುತ್ತೆ. ಅದರ ಕ್ಯಾಲ್ಸಿಯಂ ಸೋಡಿಯಂನ್ನು ಎಬ್ಬಿಸುತ್ತೆ, ಎದ್ದ ಸೋಡಿಯಂ ಸಲ್ಫೇಟ್ ಜೊತೆ ಸೇರಿ ನೀರಿನಲ್ಲಿ ಹೊರಟುಹೋಗುತ್ತೆ.

ಎಷ್ಟು ಹಾಕಬೇಕು ಅನ್ನುವಾಗ ಸಿಇಸಿ ಬೇಕಾಗುತ್ತೆ. ಭಾವನ ಮಣ್ಣಿನ ಸಿಇಸಿ 40, ಸೋಡಿಯಂ 10 ಇದೆ ಅಂದುಕೊಳ್ಳಿ. ಅಂದರೆ ನೂರರಲ್ಲಿ 25 ಪಾಲು. 15 ದಾಟಿದರೆ ಚೌಳು ಅಂತ ಲೆಕ್ಕ. ನೂರರಲ್ಲಿ 10ಕ್ಕೆ ಇಳಿಸಲು 4 ಉಳಿಸಿಕೊಂಡು 6 ತೆಗೆಯಬೇಕು. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 8 ಲಕ್ಷ ಕೆಜಿ. ಒಂದೊಂದು ಅಂಕಕ್ಕೂ ಅದಕ್ಕೆ ಹತ್ತಿರ ಹತ್ತಿರ 700 ಕೆಜಿ ಶುದ್ಧ ಜಿಪ್ಸಮ್ ಬೇಕು. ಒಟ್ಟು 4,200 ಕೆಜಿ ಆಯಿತು. ಚೀಲದಲ್ಲಿರುವುದು ನೂರಕ್ಕೆ 80 ಶುದ್ಧವಾದರೆ 5,250 ಕೆಜಿ.

ನಿಮ್ಮ ತೋಟದಲ್ಲಿ ಸಿಇಸಿ 8, ಹುಳಿ ಹಿಡಿದ ಜಾಗ 2 ಅಂದರೆ ಒಂದಕ್ಕೆ 400ರಂತೆ 800 ಕೆಜಿ ಸುಣ್ಣದ ಕಲ್ಲಿನ ಪುಡಿ. ಪಿಎಚ್ ಏರಿದಂತೆ ಒಳಗಿನ ಹುಳಿಯೂ ಹೊರಬರುತ್ತೆ. ಹಾಗಾಗಿ ಒಂದೂವರೆ, ಎರಡು ಪಟ್ಟು ಬೇಕಾಗಬಹುದು. ಬರೀ ಪಿಎಚ್ ನೋಡಿ ಅಳತೆ ಹೇಳುವುದು ತಪ್ಪು. ಪಿಎಚ್ ಒಂದೇ ಇದ್ದರೂ ಮರಳು ಮಣ್ಣಿಗಿಂತ ಸಿಇಸಿ ಜಾಸ್ತಿ ಇರುವ ಮಣ್ಣಿಗೆ ಸುಣ್ಣ ಜಾಸ್ತಿ ಹಿಡಿಯುತ್ತೆ. ಪ್ರಯೋಗಾಲಯದವರಿಗೆ "ಸುಣ್ಣದ ಅಗತ್ಯ" ಪರೀಕ್ಷೆ ಮಾಡಿಕೊಡಿ ಅಂತ ಕೇಳಿ.

ಭಾವನಿಗೆ ಒಂದು ಮಾತು ಹೇಳಿ. ನಮ್ಮ ಗದ್ದೆಗೆ ನಾವು ಜಿಪ್ಸಮ್ ಹಾಕಿ, ನೀರು ಕಟ್ಟಿ, ಸುಮ್ನೆ ಕೂತೆವು. ಬಸಿಗಾಲುವೆ ತೆಗೆದಿರಲಿಲ್ಲ. ಎದ್ದ ಸೋಡಿಯಂ ಹೋಗಲು ದಾರಿಯೇ ಇಲ್ಲದೆ ಅಲ್ಲೇ ಉಳಿಯಿತು. ಆ ವರ್ಷ ದುಡ್ಡೂ ಹೋಯಿತು, ಬೆಳೆಯೂ ಏಳಲಿಲ್ಲ. ಮರು ವರ್ಷ ಮೊದಲು ಕಾಲುವೆ ತೋಡಿ, ಜಿಪ್ಸಮ್ ಹರಡಿ ಮೇಲ್ಮಣ್ಣಿಗೆ ಬೆರೆಸಿ, ಒಳ್ಳೆಯ ನೀರು ನಿಲ್ಲಿಸಿ ಬಸಿದೆವು. ನೀರಿನಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ ಇಸಿ. ಹಾಯಿಸಿದ ನೀರಿನ ಇಸಿ, ಬಸಿಗಾಲುವೆಗೆ ಬಂದ ನೀರಿನ ಇಸಿ ಎರಡನ್ನೂ ಅಳೆಸಿ ನೋಡಲಿ. ಬಸಿದ ನೀರಿನದ್ದು ಜಾಸ್ತಿ ಇರುವಷ್ಟು ದಿನ ಉಪ್ಪು ಹೊರಗೆ ಹೋಗುತ್ತಿದೆ ಅಂತ ಅರ್ಥ.