ಕಪ್ಪು ಹೋಯಿತು, ಬಿಳಿ ಬಂತು

ಸಂಪಾದಕರೇ, ಮಳೆಗಾಲ ಪೂರ್ತಿ ಹಿತ್ತಲಲ್ಲೇ ಬಿಟ್ಟಿದ್ದ ಬಿಳಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕಪ್ಪು ಬೂಷ್ಟು ಹಿಡಿದಿತ್ತು. ಬ್ಲೀಚಿಂಗ್ ಪೌಡರ್ ಕಲಸಿ ಹಚ್ಚಿ ಉಜ್ಜಿದೆ. ಕಪ್ಪೇನೋ ಹೋಯಿತು, ಆದರೆ ಒಣಗಿದ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಕಲೆ ಉಳಿಯಿತು. ಬೋರ್ ನೀರು ತುಂಬಿಸುವ ಡ್ರಮ್ಮಿನಲ್ಲೂ ಬಿಳಿ ಪಟ್ಟೆ ಇದೆ. ಬಾತ್‌ರೂಮ್ ಆಸಿಡ್ ಹಾಕಬಹುದೇ?
— ಓದುಗರೊಬ್ಬರು, ಹಾಸನ

ಮೊದಲು ಆಸಿಡ್ ಬಾಟಲಿಯನ್ನು ಎತ್ತಿಡಿ. ಬ್ಲೀಚಿಂಗ್ ಪೌಡರಿನ ಅಂಶ ಉಳಿದಿರುವ ಕಡೆ ಅದು ಬಿದ್ದರೆ ಕ್ಲೋರಿನ್ ಗಾಳಿ ಏಳುತ್ತದೆ. ಒಮ್ಮೆ ನಾನೇ ತೊಳೆದೂ ತೊಳೆಯದ ಹಾಗಿದ್ದ ಡ್ರಮ್ಮಿಗೆ ಸುರಿದು, ಕೆಮ್ಮುತ್ತಾ ಹಿತ್ತಲಿಂದ ಬೀದಿಗೆ ಓಡಿದ್ದೆ. ಡ್ರಮ್ಮಿನೊಳಗೆ ತಲೆ ಹಾಕಿರಲಿಲ್ಲ, ಅದೇ ಪುಣ್ಯ.

ಇನ್ನು ಆ ಬಿಳಿ. ನೀವು ಸುಣ್ಣ ಬಳಿದ ಹಾಗೆ ಅಂದಿರಲ್ಲ, ಅದು ಸುಣ್ಣವೇ! ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಜೊತೆ ಸುಣ್ಣವೂ ಇರುತ್ತದೆ. ಅದು ನೀರಿನಲ್ಲಿ ಪೂರ್ತಿ ಕರಗುವುದಿಲ್ಲ. ಕಲಸಿ ಹಚ್ಚಿದರೆ ಕುರ್ಚಿಯ ಗೀರು, ಮೂಲೆಗಳಲ್ಲಿ ಕೂತು, ಗಾಳಿಗೆ ಗಟ್ಟಿಯಾಗುತ್ತದೆ. ಗೋಡೆಯ ಸುಣ್ಣ ಗಟ್ಟಿಯಾಗುವುದೂ ಹೀಗೇ.

ಮುಂದಿನ ಸಲ ಹೀಗೆ ಮಾಡಿ. ಬರೀ ಸೋಪು ನೀರಿನಲ್ಲಿ ಮೊದಲು ತೊಳೆಯಿರಿ. ಬೂಷ್ಟು ತಿನ್ನುವುದು ಪ್ಲಾಸ್ಟಿಕ್ಕನ್ನಲ್ಲ, ಅದರ ಮೇಲಿನ ಧೂಳು, ಎಲೆಯ ಕೊಳೆ, ನಮ್ಮ ಮೈಯ ಎಣ್ಣೆಯನ್ನು. ಆ ಕೊಳೆ ಉಳಿದರೆ ಕ್ಲೋರಿನ್ನಿನ ಶಕ್ತಿ ಅದರ ಮೇಲೇ ಖರ್ಚಾಗಿಬಿಡುತ್ತದೆ. ಆಮೇಲೆ 1 ಲೀಟರ್ ನೀರಿಗೆ 2 ದೊಡ್ಡ ಚಮಚ ಬ್ಲೀಚಿಂಗ್ ಪೌಡರ್ ಹಾಕಿ ಕಲಕಿ, ಅರ್ಧ ಗಂಟೆ ಬಿಡಿ. ಸುಣ್ಣ ತಳದಲ್ಲಿ ಕೂರುತ್ತದೆ. ಬಟ್ಟೆಯನ್ನು ಮೇಲಿನ ತಿಳಿಯಲ್ಲಿ ಮಾತ್ರ ಅದ್ದಿ ಹಚ್ಚಿ. 10 ನಿಮಿಷ ಕಾಯಿರಿ, ಒಣಗಲು ಬಿಡಬೇಡಿ. ಹೀರೆಕಾಯಿ ನಾರಿನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ಕೈಗೆ ಗ್ಲೌಸ್ ಇರಲಿ. ಪೌಡರಿಗೆ ಘಾಟೇ ಇಲ್ಲದಿದ್ದರೆ ಅದು ಹಳೆಯದು, ಸುಮ್ನೆ ಉಜ್ಜಿ ಪ್ರಯೋಜನವಿಲ್ಲ. ಸ್ಟೀಲ್ ಜುಂಗು ಮಾತ್ರ ಬೇಡ. ಅದು ಮಾಡುವ ಗೀರಿನಲ್ಲೇ ಮುಂದಿನ ವರ್ಷದ ಬೂಷ್ಟು ಬಂದು ಕೂರುತ್ತದೆ.

ಈಗಿರುವ ಬಿಳಿಗೆ ಹುಳಿ ಬೇಕು. ಕುರ್ಚಿಯನ್ನು ಎರಡು ಮೂರು ಸಲ ಬರೀ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ. ಮಾರನೇ ದಿನ ಅಡುಗೆಯ ಬಿಳಿ ವಿನೆಗರ್‌ನಲ್ಲಿ ಬಟ್ಟೆ ನೆನೆಸಿ ಕಲೆಯ ಮೇಲೆ ಹಾಸಿ, 20 ನಿಮಿಷ ಬಿಟ್ಟು ಉಜ್ಜಿ. ವಿನೆಗರ್ ಇಲ್ಲದಿದ್ದರೆ 1 ಲೀಟರ್ ನೀರಿಗೆ 2 ದೊಡ್ಡ ಚಮಚ ನಿಂಬೆ ಉಪ್ಪು ಸಾಕು.

ಇಷ್ಟಾದರೂ ಒಣಗಿದ ಮೇಲೆ ಮತ್ತೆ ಬಿಳಿ ಕಂಡರೆ ಒಂದು ಕಪ್ಪು ಬಟ್ಟೆ ತನ್ನಿ. ಒಣ ಕುರ್ಚಿಯ ಬೆನ್ನನ್ನು, ಅದೂ ಬಿಸಿಲು ಬೀಳುವ ಕಡೆ, ಒತ್ತಿ ಒರೆಸಿ. ನಮ್ಮ ಮನೆಯ ನಾಲ್ಕು ಕುರ್ಚಿಗಳಲ್ಲಿ ಎರಡರ ಬೆನ್ನು ಒರೆಸಿದಾಗ ಬಟ್ಟೆ ಸೀಮೆಸುಣ್ಣ ಒರೆಸಿದ ಡಸ್ಟರಿನಂತಾಯಿತು. ಅದೇ ಕುರ್ಚಿಯ ಸೀಟಿನ ಅಡಿ ಒರೆಸಿದರೆ ಏನೂ ಇಲ್ಲ. ಅಂದರೆ ಅದು ಕಲೆಯಲ್ಲ, ಕುರ್ಚಿಯೇ ಪುಡಿಯಾಗುತ್ತಿರುವುದು. ಬಿಸಿಲಿಗೆ ಪ್ಲಾಸ್ಟಿಕ್ಕಿನ ಮೇಲ್ಪದರ ಸವೆದು, ಒಳಗೆ ಬೆರೆಸಿದ ಬಿಳಿ ಬಣ್ಣದ ಪುಡಿ ಹೊರಬರುತ್ತದೆ. ಹುಳಿ ಹಾಕಿದಾಗ ಬುರುಗು ಬಂತು, ಹಾಗಾದರೆ ಸುಣ್ಣವೇ ಅಂತ ನಂಬಬೇಡಿ. ಅಗ್ಗದ ಕುರ್ಚಿಗಳಿಗೆ ಸುಣ್ಣಕಲ್ಲಿನ ಪುಡಿ ಬೆರೆಸುವುದುಂಟು, ಅದಕ್ಕೂ ಬುರುಗು ಬರುತ್ತದೆ.

ಇಂಥದ್ದನ್ನು ಒದ್ದೆ ಮಾಡಿ, 600 ನಂಬರಿನ ವಾಟರ್ ಪೇಪರ್ ಅನ್ನುವ ನಯವಾದ ಮರಳು ಕಾಗದದಿಂದ ಹಗುರವಾಗಿ ತಿಕ್ಕಿದರೆ ಸ್ವಲ್ಪ ಕಾಲ ನಯವಾಗಿರುತ್ತದೆ, ಅಷ್ಟೇ. ಹಿಂಗಾಲು ಸೀಟಿಗೆ ಸೇರುವ ಕಡೆ ಕೂದಲೆಳೆಯಂಥ ಬಿರುಕಿದೆಯೇ ನೋಡಿ. ನನ್ನ ಎರಡರಲ್ಲಿ ಒಂದಕ್ಕೆ ಇತ್ತು. ಅದನ್ನು ಗುಜರಿಗೆ ಹಾಕಿದೆ, ಇನ್ನೊಂದರ ಮೇಲೆ ಈಗ ಹೂಕುಂಡ ಇದೆ. ವಯಸ್ಸಾದವರನ್ನಂತೂ ಅಂಥದ್ದರ ಮೇಲೆ ಕೂರಿಸಬೇಡಿ.

ಡ್ರಮ್ಮಿನ ಪಟ್ಟೆ ಬೋರ್ ನೀರಿನ ಉಪ್ಪು. ನೀರು ಇಳಿದಾಗಲೆಲ್ಲ ಅಂಚು ಒಣಗಿ ಪದರ ಪದರವಾಗಿ ಕಟ್ಟಿರುತ್ತದೆ. ಉಗುರಿಗೆ ಚಕ್ಕೆಯಾಗಿ ಏಳುತ್ತದೆ, ಅಲ್ವಾ? ಡ್ರಮ್ ಖಾಲಿ ಮಾಡಿ, ಅಡ್ಡ ಮಲಗಿಸಿ, ಪಟ್ಟೆಯ ಮೇಲೆ ವಿನೆಗರ್ ಬಟ್ಟೆಯನ್ನು ಒಂದು ಗಂಟೆ ಹಾಸಿ. ದಪ್ಪ ಇದ್ದರೆ ಇನ್ನೊಮ್ಮೆ. ಹಳೇ ಏಟಿಎಂ ಕಾರ್ಡಿನ ಅಂಚಿನಿಂದ ಕೆರೆದರೆ ಗೀರು ಬೀಳದೆ ಬರುತ್ತದೆ. ಒಳಗೆ ಹಸಿರು ಪಾಚಿಯೂ ಇದ್ದರೆ ಅದು ಬೆಳಕಿನ ಕೆಲಸ. ಬಿಳಿ ಡ್ರಮ್ಮಿನ ಗೋಡೆ ದಾಟಿ ಬಿಸಿಲು ಒಳಗೆ ಹೋಗುತ್ತದೆ. ಎಷ್ಟು ಉಜ್ಜಿದರೂ ಮತ್ತೆ ಬರುತ್ತದೆ. ನೆರಳಿಗೆ ಸರಿಸಿ. ಜಾಗವಿಲ್ಲದಿದ್ದರೆ ಕಾಫಿ ಮೂಟೆಯ ಗೋಣಿಚೀಲಗಳನ್ನು ಎರಡು ಸುತ್ತು ಸುತ್ತಿ ಕಟ್ಟಿ, ನಿಮ್ಮೂರಲ್ಲಿ ಅದಕ್ಕೇನೂ ಬರವಿಲ್ಲ.