ರಾಜ್ಯೋತ್ಸವದ ಸಂದೇಶವನ್ನು ಕಳುಹಿಸುವ ಮುನ್ನ ತಿದ್ದುವ ಬಗೆ

ಪ್ರಶ್ನೆ: ನವೆಂಬರ್ 1ಕ್ಕೆ ನಮ್ಮ ಕನ್ನಡ ಬಳಗದಿಂದ ಸದಸ್ಯರಿಗೆಲ್ಲ ಶುಭಾಶಯ ಸಂದೇಶ ಕಳಿಸಬೇಕು. ಹೆಸರು, ಬಿರುದು, ಇಸವಿ ತಪ್ಪದ ಹಾಗೆ, ಉತ್ಪ್ರೇಕ್ಷೆ ಇರದ ಹಾಗೆ ಏನೇನು ನೋಡಿಕೊಳ್ಳಬೇಕು?

ನಮ್ಮ ಬಡಾವಣೆಯ ಬಳಗಕ್ಕೆ ಕೆಲವು ವರ್ಷಗಳಿಂದ ಈ ಸಂದೇಶವನ್ನು ನಾನೇ ಬರೆದುಕೊಡುತ್ತಿದ್ದೇನೆ. ಒಂದೇ ಸಲ ಓದಿ ಎಲ್ಲ ತಪ್ಪುಗಳನ್ನೂ ಹಿಡಿಯಲು ಹೋದರೆ ಒಂದೂ ಸರಿಯಾಗಿ ಸಿಗುವುದಿಲ್ಲ. ಆದ್ದರಿಂದ ಒಂದು ಓದಿನಲ್ಲಿ ಇಸವಿಗಳನ್ನು ಮಾತ್ರ, ಇನ್ನೊಂದರಲ್ಲಿ ಹೆಸರು ಮತ್ತು ಬಿರುದುಗಳನ್ನು ಮಾತ್ರ, ಕೊನೆಯದರಲ್ಲಿ ಹೊಗಳಿಕೆಯ ಮಾತುಗಳನ್ನು ಮಾತ್ರ ನೋಡುತ್ತೇನೆ. ನಮ್ಮಲ್ಲಿ 2025ಕ್ಕೆಂದು ಬಂದಿದ್ದ ಒಂದು ಕರಡನ್ನೇ ಉದಾಹರಣೆಯಾಗಿ ಕೊಡುತ್ತೇನೆ:

“1956ರಲ್ಲಿ ಕರ್ನಾಟಕವೆಂದು ಹೆಸರು ಪಡೆದ ನಮ್ಮ ನಾಡು 70 ವರ್ಷ ಪೂರೈಸಿದೆ. ರಾಷ್ಟ್ರಕವಿ ಬೇಂದ್ರೆಯವರ ನುಡಿ, ದೇಶದಲ್ಲೇ ಅತಿ ಹೆಚ್ಚು ಜ್ಞಾನಪೀಠ ಪಡೆದ ನುಡಿ, ಜಗತ್ತಿನ ಅತಿ ಪ್ರಾಚೀನ ನುಡಿ ನಮ್ಮ ಕನ್ನಡ.”

ಓದಲು ಚೆನ್ನಾಗಿಯೇ ಇದೆ, ಆದರೆ ಇದರಲ್ಲಿ ಐದು ತಪ್ಪುಗಳಿವೆ.

ಮೊದಲು ಇಸವಿ. 1956ರ ನವೆಂಬರ್ 1ರಂದು ಆದದ್ದು ಏಕೀಕರಣ; ಅಂದು ಉದಯಿಸಿದ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ. ಎರಡಕ್ಕೂ ದಿನಾಂಕ ಒಂದೇ ಆಗಿರುವುದರಿಂದ ಈ ಗೊಂದಲ ಪ್ರತಿವರ್ಷವೂ ಮರುಕಳಿಸುತ್ತದೆ. ಇನ್ನು ಎಣಿಕೆಯ ವಿಷಯ. 1956ರದ್ದನ್ನೇ ಮೊದಲನೆಯದೆಂದು ಎಣಿಸಿದರೆ 2025ರದ್ದು 70ನೇ ರಾಜ್ಯೋತ್ಸವವಾಗುತ್ತದೆ, ಆದರೆ ಅಂದು ಪೂರೈಸಿದ್ದು 69 ವರ್ಷ. ಹಾಗಾಗಿ ಇಸವಿಯಿಂದ 1955ನ್ನು ಕಳೆದರೆ ಎಷ್ಟನೆಯ ರಾಜ್ಯೋತ್ಸವವೆಂದೂ, 1956ನ್ನು ಕಳೆದರೆ ಎಷ್ಟು ವರ್ಷ ತುಂಬಿತೆಂದೂ ಸಿಗುತ್ತದೆ. “70ನೇ ರಾಜ್ಯೋತ್ಸವ” ಸರಿ, “70 ವರ್ಷ ಪೂರೈಸಿದೆ” ತಪ್ಪು. ಕಾರ್ಯಕ್ರಮದ ದಿನಾಂಕದ ಜೊತೆ ವಾರವನ್ನು ಬರೆದಿದ್ದರೆ ಕ್ಯಾಲೆಂಡರನ್ನು ತೆರೆದು ನೋಡಿ, ಏಕೆಂದರೆ ಹಳೆಯ ಸಂದೇಶವನ್ನು ನಕಲು ಮಾಡಿದಾಗ ಇಸವಿ ಬದಲಾದರೂ ವಾರ ಹೋದ ವರ್ಷದ್ದೇ ಉಳಿದುಬಿಡುತ್ತದೆ.

ಬಿರುದುಗಳಲ್ಲಿ ಅತಿ ಹೆಚ್ಚು ಎಡವುವುದು ಕವಿಗಳ ಹೆಸರಿನ ಮುಂದೆ. ರಾಷ್ಟ್ರಕವಿ ಎಂಬ ಗೌರವ ಸಂದದ್ದು ಎಂ. ಗೋವಿಂದ ಪೈ, ಕುವೆಂಪು ಮತ್ತು ಜಿ.ಎಸ್. ಶಿವರುದ್ರಪ್ಪ ಅವರಿಗೆ. ಬೇಂದ್ರೆಯವರು ವರಕವಿ. ಇದನ್ನು ಅದಲು ಬದಲು ಮಾಡಿದರೆ ಇಬ್ಬರಿಗೂ ಅಗೌರವವೆಂದು ನಾನು ನಂಬುತ್ತೇನೆ. ಆದರೆ ನಮ್ಮ ನಡುವಿನವರ ಹೆಸರುಗಳೇ ಇನ್ನೂ ಹೆಚ್ಚು ಎಚ್ಚರ ಬೇಡುತ್ತವೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕೀಲಿಮಣೆಯಲ್ಲಿ ಹ್ರಸ್ವ-ದೀರ್ಘ, ಅಲ್ಪಪ್ರಾಣ-ಮಹಾಪ್ರಾಣ, ಲ-ಳ ಸುಲಭವಾಗಿ ಜಾರುತ್ತವೆ, ಮತ್ತು ಜಾರಿದ್ದೂ ಒಂದು ಹೆಸರಿನಂತೆಯೇ ಕಾಣುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಒಮ್ಮೆ ನಾವು ಸನ್ಮಾನಿಸಲಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರ ಹೆಸರು “ಶಾರದಾ” ಎಂದಿರಬೇಕಾದದ್ದು ನನ್ನ ಸಂದೇಶದಲ್ಲಿ “ಶರದ” ಎಂದು ಹೋಗಿತ್ತು. “ಇದು ನನ್ನ ಹೆಸರಲ್ಲ ಅಲ್ವೇನಪ್ಪಾ” ಎಂದಷ್ಟೇ ಅವರು ಹೇಳಿದರು. ನನಗೆ ಅದು ಇಂದಿಗೂ ನೋವಿನ ಮಾತು. ಅಂದಿನಿಂದ ಹೆಸರು, ಇನಿಷಿಯಲ್ ಮತ್ತು ಹುದ್ದೆ ಇರುವ ಸಾಲನ್ನು ಸಂಬಂಧಪಟ್ಟವರಿಗೇ ಕಳುಹಿಸಿ, “ಹೀಗೆ ಬರೆದರೆ ಸರಿಯೇ?” ಎಂದು ಕೇಳುತ್ತೇನೆ. ಹುದ್ದೆಯ ಹಿಂದೆ ನಿವೃತ್ತ, ಮಾಜಿ ಎಂಬ ಪದಗಳು ಬೇಕೇ ಎಂಬುದೂ ಆಗಲೇ ತಿಳಿದುಬಿಡುತ್ತದೆ.

ಕೊನೆಯದು ಹೊಗಳಿಕೆ. “ಅತಿ”, “ಏಕೈಕ”, “ಮೊಟ್ಟಮೊದಲ”, “ಜಗತ್ತಿನಲ್ಲೇ” ಎಂಬ ಪದಗಳಿಗೆ ಗೆರೆ ಎಳೆದು, ಪ್ರತಿಯೊಂದಕ್ಕೂ ಯಾರೊಡನೆ ಹೋಲಿಸಿ ಈ ಮಾತು ಹೇಳುತ್ತಿದ್ದೇವೆ ಎಂದು ಕೇಳಿಕೊಳ್ಳಿ. ಕನ್ನಡಕ್ಕೆ ಜ್ಞಾನಪೀಠ ತಂದವರು ಎಂಟು ಜನ: ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ. ಹಿಂದಿಗೆ ಇದಕ್ಕಿಂತ ಹೆಚ್ಚು ಬಂದಿರುವುದರಿಂದ “ಅತಿ ಹೆಚ್ಚು” ನಿಲ್ಲುವುದಿಲ್ಲ, ಆದರೆ “ಎಂಟು ಜ್ಞಾನಪೀಠಗಳ ನುಡಿ” ಎಂದರೆ ಯಾರೂ ಅಲ್ಲಗಳೆಯಲಾರರು. “ಜಗತ್ತಿನ ಅತಿ ಪ್ರಾಚೀನ” ಎಂಬುದೂ ಹಾಗೆಯೇ. ನಮ್ಮ ನೆರೆಯ ತಮಿಳಿನಲ್ಲಿಯೇ ಕನ್ನಡಕ್ಕಿಂತ ಹಳೆಯ ಬರಹಗಳಿವೆ. 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ದೊರೆತದ್ದನ್ನೋ, ಸುಮಾರು 5ನೇ ಶತಮಾನದ ಹಲ್ಮಿಡಿ ಶಾಸನವನ್ನೋ ಹೇಳಿದರೆ ಅಭಿಮಾನವೂ ಉಳಿಯುತ್ತದೆ, ಸತ್ಯವೂ ಉಳಿಯುತ್ತದೆ.

ತಿದ್ದಿದ ಮೇಲೆ ನಮ್ಮ ಸಂದೇಶ ಹೀಗಾಯಿತು: “1956ರಲ್ಲಿ ಒಂದಾಗಿ, 1973ರಲ್ಲಿ ಕರ್ನಾಟಕವೆಂಬ ಹೆಸರು ಪಡೆದ ನಾಡಿನ 70ನೇ ರಾಜ್ಯೋತ್ಸವದ ಶುಭಾಶಯಗಳು. ವರಕವಿ ಬೇಂದ್ರೆಯವರ ನುಡಿ, ಎಂಟು ಜ್ಞಾನಪೀಠಗಳ ನುಡಿ ನಮ್ಮ ಕನ್ನಡ.” ಇದನ್ನು ಬರೆದವರಲ್ಲದ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ, ಆಮೇಲೆಯೇ ಗುಂಪಿಗೆ ಹಾಕಿದೆವು.