ಕಾಗದ ಇಲ್ಲದಿದ್ದರೂ ಸಂಬಳ ಕೇಳಬಹುದು

ಪ್ರಶ್ನೆ: ಅಮ್ಮ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ ಮಾಡುತ್ತಿದ್ದರು. ಬಾಕಿ ಸಂಬಳ ಕೊಡದೆ ಬಿಡಿಸಿದ್ದಾರೆ. ಕಾಗದಪತ್ರ ಏನೂ ಇಲ್ಲ. ಕೇಳೋಕೆ ಹಕ್ಕಿದೆಯಾ?

ಇದೆ. ಬಾಯಿಮಾತಿನ ಒಪ್ಪಂದವೂ ಕಾನೂನಿನಲ್ಲಿ ಒಪ್ಪಂದವೇ. ಕಷ್ಟ ಇರುವುದು ಅದನ್ನು ತೋರಿಸುವುದರಲ್ಲಿ.

ನಮ್ಮ ಬೀದಿಯ ಒಬ್ಬ ಅಕ್ಕನಿಗೂ ಹೀಗೇ ಆಗಿತ್ತು. ಪಾತ್ರೆ, ಕಸ, ನೆಲ ಸೇರಿ ತಿಂಗಳಿಗೆ 6,000 ರೂಪಾಯಿ, ಎರಡು ರಜೆ ಅಂತ ಮಾತಾಗಿತ್ತು. ಒಂದು ತಿಂಗಳ ಸಂಬಳ ಬಂದಿರಲಿಲ್ಲ. ಮುಂದಿನ ತಿಂಗಳು 18 ದಿನ ಮಾಡಿದ ಮೇಲೆ "ನಾಳೆಯಿಂದ ಬರಬೇಡ" ಅಂದರು. "ನೀನು ನಾಲ್ಕು ದಿನ ರಜೆ ಹಾಕಿದ್ದೆ" ಅಂತ ಬೇರೆ ತಗಾದೆ.

ಕೂತು ಲೆಕ್ಕ ಹಾಕಿದೆವು. ಆ ತಿಂಗಳಿಗೆ 6,000, 18 ದಿನಕ್ಕೆ ದಿನಕ್ಕೆ 200ರಂತೆ 3,600. ನಾಲ್ಕರಲ್ಲಿ ಎರಡು ರಜೆ ಒಪ್ಪಿದ್ದೇ, ಹಾಗಾಗಿ ಮುರಿಯಬಹುದಾದ್ದು 400 ಮಾತ್ರ. ಬಾಕಿ 9,200. ಹೀಗೆ ಖಚಿತ ಮೊತ್ತ ಇಟ್ಟು ಕೇಳಿದಾಗ ಎದುರಿನವರ ದನಿ ಬದಲಾಗುತ್ತದೆ.

ಸಾಕ್ಷಿ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇರುತ್ತದೆ. ಹಿಂದಿನ ತಿಂಗಳು ಫೋನಿಗೆ ಬಂದ ಸಂಬಳ, "ಇವತ್ತು ಬೇಗ ಬಾ" ಅನ್ನೋ ವಾಟ್ಸಾಪ್ ಮೆಸೇಜು, ಗೇಟಿನ ಆ್ಯಪ್‌ನಲ್ಲಿರೋ ಬಂದು ಹೋದ ಹೊತ್ತು. ಇವತ್ತೇ ಸ್ಕ್ರೀನ್‌ಶಾಟ್ ತೆಗೆದಿಡಿ. ಕೆಲಸ ಬಿಡಿಸಿದ ಮೇಲೆ ಗೇಟಿನ ಎಂಟ್ರಿಯಿಂದ ಹೆಸರು ತೆಗೆದುಬಿಡುತ್ತಾರೆ.

ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಕೇಸು ಹಾಕುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ಮಾತಾಡಿಸುತ್ತಾರೆ. ಅಕ್ಕನ ವಿಷಯ ಅಲ್ಲೇ ಮುಗಿಯಿತು, 9,000ಕ್ಕೆ. ರಾಜಿ ಆಗದಿದ್ದರೆ ಬಾಕಿ ಸಂಬಳಕ್ಕೆ ಸಿವಿಲ್ ಕೋರ್ಟಿಗೆ ಹೋಗಲು ಮೂರು ವರ್ಷ ಅವಕಾಶ ಇದೆ. ಪೊಲೀಸ್ ಠಾಣೆಗೆ ಹೋದರೆ ಸಾಮಾನ್ಯವಾಗಿ "ಇದು ಸಿವಿಲ್ ಮ್ಯಾಟರ್" ಅಂತ ಕಳಿಸುತ್ತಾರೆ.

ಸಂಬಳವೇ ತೀರಾ ಕಡಿಮೆ ಇತ್ತು ಅನ್ನಿಸಿದರೆ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ಮನೆಗೆಲಸಕ್ಕೆ ಕನಿಷ್ಠ ಕೂಲಿಯನ್ನು ಕರ್ನಾಟಕ 2004ರಲ್ಲೇ ಗೊತ್ತು ಮಾಡಿದೆ. ಆದರೆ ಮನೆಯೊಳಗೆ ಬಂದು ತಪಾಸಣೆ ಮಾಡುವವರು ಯಾರೂ ಇಲ್ಲ. ವಾರದ ರಜೆಯ ಕಥೆಯೂ ಅಷ್ಟೇ, ಮಾತಾಡಿಕೊಂಡಿದ್ದೇ ರಜೆ.

ಒಂದು ವಿಷಯದಲ್ಲಿ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಕೆಲಸ ವಾಪಸ್ ಕೊಡಿ ಅಂತ ಲೇಬರ್ ಕೋರ್ಟಿಗೆ ಹೋಗಲು ಆಗಲ್ಲ. ಕೆಲಸದ ತಕರಾರುಗಳ ಕಾನೂನಾದ ಕೈಗಾರಿಕಾ ಸಂಬಂಧಗಳ ಸಂಹಿತೆ 'ಉದ್ಯಮ' ಅನ್ನೋ ಪದದಿಂದ ಮನೆಗೆಲಸವನ್ನು ಹೊರಗಿಟ್ಟಿದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮನೆಗೆಲಸದವರಿಗೊಂದು ಕಾನೂನು ಬೇಕಾ ಅಂತ ನೋಡಲು ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತ್ತು. ಅದನ್ನು ನಂಬಿ ಕಾಯುತ್ತಾ ಕೂರೋಕಾಗುತ್ತಾ?

ಅಮ್ಮ ಮುಂದಿನ ಮನೆಗೆ ಸೇರಿದ ದಿನವೇ ಅವರ ಫೋನಿಂದ ಒಂದು ಮೆಸೇಜು ಹಾಕಿಸಿ: "ಅಕ್ಕಾ, 1ನೇ ತಾರೀಖಿಂದ ಬರ್ತೀನಿ, ಸಂಬಳ ಇಷ್ಟು, ತಿಂಗಳಿಗೆ ರಜೆ ಇಷ್ಟು." ಆ ಕಡೆಯಿಂದ "ಸರಿ" ಅಂತ ಬಂದರೆ ಸಾಕು.